ಹುಬ್ಬಳ್ಳಿಯಲ್ಲಿ ದಿರ್ಹಮ್ ಕೊಳ್ಳುವವರಿಗೆ: ಖರೀದಿ ದರ, ಮಾರಾಟ ದರ ಮತ್ತು ನಡುವಿನ ಅಂತರ – ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೊರದೇಶಕ್ಕೆ ಹೋಗುವವರಲ್ಲಿ ದುಬೈ ದಾರಿ ಹಿಡಿಯುವವರು ಬಹಳ. ಮಗಳ ಮನೆಗೆ ಹೋಗುವವರು, ಮಸಾಲೆ ಮೇಳಕ್ಕೆ ಹೊರಟ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು, ನಾಲ್ಕು ದಿನ ಸುತ್ತಾಡಿ ಬರುವವರು ಎಲ್ಲರೂ ಕೌಂಟರಿನಲ್ಲಿ ಕೇಳುವ ಮಾತು ಒಂದೇ ತೆರ. ಅದಕ್ಕೇ ಇಲ್ಲಿನ ಲೆಕ್ಕವೆಲ್ಲ ದಿರ್ಹಮಿನದು. ಬೇರೆ ನೋಟಿಗೂ ಲೆಕ್ಕದ ರೀತಿ ಇದೇ. ಕೆಳಗೆ ಕೊಟ್ಟ ದರಗಳು ಲೆಕ್ಕಕ್ಕಾಗಿ ಹಿಡಿದವು. ನೀವು ಹೋದ ದಿನದ ದರ ಬೇರೆಯೇ ಇರುತ್ತದೆ.

ಬೋರ್ಡಿನ ಮ್ಯಾಲೆ ಒಂದೇ ನೋಟಿಗೆ ಎರಡು ರೇಟ್ ಬರೆದಿರ್ತಾರಲ್ರೀ, ನಮಗ ಯಾವುದು?

ಬೋರ್ಡನ್ನು ಅಂಗಡಿಯವನ ಕಡೆಯಿಂದ ಓದಬೇಕು. ಖರೀದಿ ದರ ಎಂದರೆ ಅವನು ನಿಮ್ಮಿಂದ ನೋಟು ಕೊಳ್ಳುವ ದರ, ಮಾರಾಟ ದರ ಎಂದರೆ ಅವನು ನಿಮಗೆ ಮಾರುವ ದರ. ನೀವು ದುಬೈಗೆ ಹೊರಟಿದ್ದರೆ ಮಾರಾಟ ದರ ನಿಮ್ಮದು, ತಿರುಗಿ ಬಂದು ಉಳಿದ ನೋಟು ಕೊಡುವಾಗ ಖರೀದಿ ದರ. ಗೊಂದಲವಾದರೆ ಒಂದೇ ಗುರುತು ಸಾಕು: ಎರಡರಲ್ಲಿ ನಿಮಗೆ ನಷ್ಟದ್ದು ಯಾವುದೋ ಅದೇ ನಿಮ್ಮ ದರ. ಸರಾಫ ಅಂಗಡಿಯಲ್ಲಿ ಹಳೆ ಬಂಗಾರ ಕೊಡುವ ರೇಟು, ಹೊಸದು ಕೊಳ್ಳುವ ರೇಟು ಬೇರೆ ಬೇರೆ ಇರುವ ಹಾಗೆಯೇ ಇದೂ.

ಪರವಾನಗಿ ಇರುವ ಮನಿ ಚೇಂಜರ್ ಎರಡೂ ದರವನ್ನು ಕೌಂಟರಿನ ಹತ್ತಿರ ಎದ್ದು ಕಾಣುವಂತೆ ಹಾಕಬೇಕು, ಆ ದಿನದ ದರವನ್ನು ಬೆಳಿಗ್ಗೆ ಹತ್ತೂವರೆಯ ಒಳಗೆ ತಿದ್ದಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಹನ್ನೆರಡು ಗಂಟೆಗೆ ಹೋದರೂ ಬೋರ್ಡಿನಲ್ಲಿ ನಿನ್ನೆಯ ತಾರೀಖು ಕಂಡರೆ, ಅಥವಾ ಬೋರ್ಡೇ ಕಾಣದೆ ‘ಬರ್ರಿ, ಕುಂದರ್ರಿ, ರೇಟ್ ಹೇಳ್ತೀನಿ’ ಎಂದರೆ, ಕುಳಿತುಕೊಳ್ಳಿ. ಆದರೆ ಇನ್ನೊಂದು ಕಡೆ ಫೋನ್ ಮಾಡದೆ ದುಡ್ಡು ಕೊಡಬೇಡಿ.

ಮೊಬೈಲಿನಾಗ 24.50 ತೋರಸ್ತದ, ಇವರು 25.20 ಅಂತಾರ. ಮೋಸ ಮಾಡಾಕತ್ತಾರೇನು?

ಮೋಸವಲ್ಲ. ಮೊಬೈಲಿನಲ್ಲಿ ಕಾಣುವುದು ಬ್ಯಾಂಕು ಬ್ಯಾಂಕುಗಳ ನಡುವೆ ಕೋಟಿಗಟ್ಟಲೆ ವ್ಯವಹಾರ ನಡೆಯುವ ಮಾರುಕಟ್ಟೆಯ ನಡುದರ. ಆ ದರಕ್ಕೆ ಕಾಗದದ ನೋಟು ಯಾರಿಗೂ ಸಿಗುವುದಿಲ್ಲ. ಆದರೆ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ನಡುದರದಿಂದ ಮಾರಾಟ ದರ ಎಷ್ಟು ಮೇಲಿದೆ, ಖರೀದಿ ದರ ಎಷ್ಟು ಕೆಳಗಿದೆ ಎಂಬುದೇ ನೀವು ಕೊಡುವ ಬೆಲೆ.

ದಿರ್ಹಮಿಗೆ ಒಂದು ಅನುಕೂಲವಿದೆ. 1997ರಿಂದ ಅದರ ಬೆಲೆಯನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ: 1 ಡಾಲರಿಗೆ 3.6725 ದಿರ್ಹಮ್. ಹೀಗಾಗಿ ಟಿವಿಯಲ್ಲಿ ಬರುವ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮಿನ ನಡುದರ ಸಿಕ್ಕಿತು. ಡಾಲರ್ 90 ರೂಪಾಯಿ ಎಂದು ಹಿಡಿಯಿರಿ, ದಿರ್ಹಮ್ 24 ರೂಪಾಯಿ 50 ಪೈಸೆ ಆಗುತ್ತದೆ. ಮುಂದಿನ ಲೆಕ್ಕಕ್ಕೆಲ್ಲ ಇದೇ ನಡುದರ. ಅಂಗಡಿಯ ಮಾರಾಟ ದರ 25.20, ಖರೀದಿ ದರ 23.80 ಎಂದು ಇಟ್ಟುಕೊಳ್ಳೋಣ. ಅಂತರ 1 ರೂಪಾಯಿ 40 ಪೈಸೆ. ಕೊಳ್ಳುವಾಗ 70 ಪೈಸೆ, ಮಾರುವಾಗ 70 ಪೈಸೆ.

ಎಪ್ಪತ್ತು ಪೈಸೆ ಅಂದ್ರ ಏನು ಮಹಾ? ಒಟ್ಟು ಎಷ್ಟು ಹೊಡತ ಬೀಳ್ತದ ಹೇಳ್ರಿ.

ಪೂರ್ತಿ ಲೆಕ್ಕ ಹಾಕೋಣ. ವಿದ್ಯಾನಗರದ ಒಂದು ಜೋಡಿ ವಾರದ ಮಟ್ಟಿಗೆ ದುಬೈಗೆ ಹೊರಟಿದ್ದಾರೆ ಎನ್ನಿ. ಹೋಟೆಲು, ವಿಮಾನದ ದುಡ್ಡು ಮೊದಲೇ ಕೊಟ್ಟಾಗಿದೆ. ಕೈಖರ್ಚಿಗೆ 4,000 ದಿರ್ಹಮ್ ಬೇಕು.

ಅಂಗಡಿಯಲ್ಲಿ 4,000 ದಿರ್ಹಮಿಗೆ 25.20ರಂತೆ 1,00,800 ರೂಪಾಯಿ. ನಡುದರದಲ್ಲಾಗಿದ್ದರೆ ಅದರ ಬೆಲೆ 98,000. ಅಂದರೆ ಬೋರ್ಡಿನ ಎಪ್ಪತ್ತು ಪೈಸೆ ಇಲ್ಲಿ 2,800 ರೂಪಾಯಿ ಆಯಿತು. ಇದರ ಮೇಲೆ ಜಿಎಸ್‌ಟಿ 181 ರೂಪಾಯಿ (ಅದರ ಲೆಕ್ಕ ಕೆಳಗಿದೆ). ಕೈಯಿಂದ ಹೋದದ್ದು 1,00,981.

ಹೋಗಿ ಬಂದರು. ಮನೆಗೆ ಬಂದು ನೋಡಿದರೆ ಪರ್ಸಿನಲ್ಲಿ 900 ದಿರ್ಹಮ್ ಹಾಗೇ ಉಳಿದಿದೆ. ಅದೇ ಅಂಗಡಿಗೆ ಒಯ್ದರೆ 23.80ರಂತೆ 21,420 ರೂಪಾಯಿ, ಅದರಲ್ಲಿ ಜಿಎಸ್‌ಟಿ 45 ರೂಪಾಯಿ ಕಳೆದು 21,375 ಕೈಗೆ ಬರುತ್ತದೆ. ಇದೇ 900 ದಿರ್ಹಮಿಗೆ ಹೋಗುವಾಗ 22,680 ಕೊಟ್ಟಿದ್ದರು. ದುಬೈಯಲ್ಲಿ ಒಂದು ಚಹಾ ಕೂಡ ಕುಡಿಯದ ಆ ನೋಟುಗಳು ವಿಮಾನದಲ್ಲಿ ಹೋಗಿ ಬಂದದ್ದಕ್ಕೇ 1,305 ರೂಪಾಯಿ ತಿಂದವು.

ಒಟ್ಟು ನೋಡಿದರೆ ಅವರು 3,100 ದಿರ್ಹಮ್ ಖರ್ಚು ಮಾಡಲು 79,606 ರೂಪಾಯಿ ಕೊಟ್ಟಂತಾಯಿತು. ನಡುದರದಲ್ಲಿ ಅದರ ಬೆಲೆ 75,950. ಅಂತರ ಮತ್ತು ತೆರಿಗೆ ಸೇರಿ 3,656 ರೂಪಾಯಿ. ಒಂದು ದಿರ್ಹಮ್ ಅವರಿಗೆ ಬಿದ್ದದ್ದು 25.20ಕ್ಕಲ್ಲ, 25 ರೂಪಾಯಿ 68 ಪೈಸೆಗೆ.

ಮೊದಲೇ ಅಂದಾಜು ಮಾಡಿ 3,100 ಮಾತ್ರ ಕೊಂಡಿದ್ದರೆ? 78,120 ರೂಪಾಯಿ, ಜಿಎಸ್‌ಟಿ 141. ನಡುದರಕ್ಕಿಂತ ಹೆಚ್ಚು ಕೊಟ್ಟದ್ದು 2,311 ರೂಪಾಯಿ. ದರದಲ್ಲಿ ಒಂದು ಪೈಸೆಯನ್ನೂ ಜಗ್ಗಾಡದೆ 1,345 ರೂಪಾಯಿ ಉಳಿಯುತ್ತಿತ್ತು. ನನ್ನ ಅನುಭವದಲ್ಲಿ ಜನ ಕೌಂಟರಿನಲ್ಲಿ ಐದು ಪೈಸೆಗೆ ಅರ್ಧ ತಾಸು ವಾದ ಮಾಡುತ್ತಾರೆ, ಎಷ್ಟು ದಿರ್ಹಮ್ ಬೇಕು ಎಂಬುದನ್ನು ಮಾತ್ರ ಬಾಗಿಲಲ್ಲಿ ನಿಂತು ತೀರ್ಮಾನಿಸುತ್ತಾರೆ.

‘ಕಮಿಷನ್ ಇಲ್ಲ’ ಅಂತ ದೊಡ್ಡದಾಗಿ ಬರ್ದಾರ. ಹಂಗಾರ ಅವರಿಗೆ ಗಿಟ್ಟೂದು ಏನು?

ಅಂತರವೇ ಗಿಟ್ಟುವುದು. ಕಮಿಷನ್ ಇಲ್ಲ ಎಂಬುದು ಸುಳ್ಳಲ್ಲ. ಬಿಲ್ಲಿನಲ್ಲಿ ಆ ಸಾಲು ಇರುವುದಿಲ್ಲ, ಅಷ್ಟೇ. ಒಬ್ಬನು 25.20ಕ್ಕೆ ಕಮಿಷನ್ ಇಲ್ಲದೆ ಕೊಡುತ್ತಾನೆ, ಇನ್ನೊಬ್ಬ 25.05ಕ್ಕೆ ಕೊಟ್ಟು 200 ರೂಪಾಯಿ ಸರ್ವಿಸ್ ಚಾರ್ಜ್ ಹಾಕುತ್ತಾನೆ ಎನ್ನಿ. 4,000 ದಿರ್ಹಮಿಗೆ ಎರಡನೆಯವನೇ ಅಗ್ಗ: 15 ಪೈಸೆ ಎಂದರೆ 600 ರೂಪಾಯಿ, ಅದರಲ್ಲಿ 200 ಹೋದರೂ 400 ಉಳಿಯಿತು. ಬರೀ 500 ದಿರ್ಹಮ್ ಬೇಕಿದ್ದರೆ ಲೆಕ್ಕ ತಿರುಗುಮುರುಗು.

ಆದ್ದರಿಂದ ಫೋನಿನಲ್ಲಿ ‘ಇವತ್ತಿನ ರೇಟ್ ಎಷ್ಟ್ರೀ’ ಎಂದು ಕೇಳಬೇಡಿ. ‘ನಾಲ್ಕು ಸಾವಿರ ದಿರ್ಹಮ್ ಬೇಕಾಗ್ಯಾವ, ಜಿಎಸ್‌ಟಿ ಗಿಜಿಎಸ್‌ಟಿ ಎಲ್ಲಾ ಸೇರಿ ನನ್ನ ಖಾತೆಯಿಂದ ಎಷ್ಟು ಹೋಗ್ತದ?’ ಎಂದು ಕೇಳಿ. ಬಂದ ಅಂಕಿಯನ್ನು 4,000ದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಅದು ಹತ್ತಿರ ಹತ್ತಿರ 25.25. ಎರಡು ಮೂರು ಅಂಗಡಿಗಳ ಈ ಒಂದೊಂದು ಅಂಕಿಯನ್ನು ಹೋಲಿಸಿದರೆ ಮುಗಿಯಿತು. ಯಾರು ಯಾವ ಹೆಸರಿನಲ್ಲಿ ಏನು ಸೇರಿಸಿದ್ದಾರೆ ಎಂದು ಹುಡುಕುತ್ತ ಕೂರಬೇಕಿಲ್ಲ.

ಡಾಲರಿಗೆ ಅಂತರ ಕಡಿಮಿ, ಉಳಿದವಕ್ಕ ಯಾಕ ಇಷ್ಟು ಹೆಚ್ಚು?

ನೋಟು ಎಂಬುದು ಸರಕು. ಅಂಗಡಿಯವನು ದುಡ್ಡು ಹಾಕಿ ಅದನ್ನು ತಿಜೋರಿಯಲ್ಲಿ ಇಟ್ಟುಕೊಳ್ಳಬೇಕು. ಡಾಲರ್ ಬೆಳಿಗ್ಗೆ ಬಂದು ಸಂಜೆಯೊಳಗೆ ಹೋಗುತ್ತದೆ. ಯಾರೋ ತಂದುಕೊಟ್ಟ ಥಾಯ್ ಬಾತ್, ಮಲೇಷ್ಯಾ ರಿಂಗಿಟ್ ಹುಬ್ಬಳ್ಳಿಯಂಥ ಊರಲ್ಲಿ ವಾರಗಟ್ಟಲೆ ಗಿರಾಕಿಗೆ ಕಾಯುತ್ತ ಬಿದ್ದಿರುತ್ತದೆ. ಅಷ್ಟರಲ್ಲಿ ದರ ಇಳಿದರೆ ನಷ್ಟ ಅಂಗಡಿಯವನದು. ಇಲ್ಲಿ ಖರ್ಚಾಗದಿದ್ದರೆ ಬೆಂಗಳೂರಿಗೋ ಮುಂಬೈಗೋ ಕಳಿಸಬೇಕು. ಸಾಗಣೆ, ವಿಮೆ, ಅಲ್ಲಿಯ ಸಗಟು ವ್ಯಾಪಾರಿಯ ಪಾಲು ಎಲ್ಲವೂ ಸೇರುತ್ತದೆ. ನೀವು ಕೇಳಿದ ನೋಟು ಅಂಗಡಿಯಲ್ಲಿ ಇಲ್ಲದಿದ್ದರೆ ಇದೇ ದಾರಿಯಲ್ಲಿ ತಿರುಗಿ ತರಿಸಬೇಕು. ಖೋಟಾ ನೋಟು ಒಂದು ಒಳಬಂದರೆ ಎಷ್ಟೋ ವ್ಯವಹಾರದ ಲಾಭ ಅದರೊಂದಿಗೇ ಹೋಗುತ್ತದೆ.

ಶನಿವಾರ, ಭಾನುವಾರ ಅಂತರ ಹಿಗ್ಗುವುದಕ್ಕೂ ಇದೇ ಕಾರಣ. ಮಾರುಕಟ್ಟೆ ಮುಚ್ಚಿರುತ್ತದೆ, ಸೋಮವಾರ ಯಾವ ದರಕ್ಕೆ ತೆರೆಯುತ್ತದೋ ಗೊತ್ತಿಲ್ಲ. ಆ ಭಯಕ್ಕೆ ಅಂಗಡಿಯವನು ಎರಡೂ ಕಡೆ ಒಂದಿಷ್ಟು ಜಾಗ ಬಿಟ್ಟುಕೊಳ್ಳುತ್ತಾನೆ. ವಾರದ ನಡುವೆ ಮಧ್ಯಾಹ್ನದ ಹೊತ್ತಿಗೆ ಹೋಗುವುದು ಒಳ್ಳೆಯದು.

ಜಿಎಸ್‌ಟಿ 18 ಪರ್ಸೆಂಟ್ ಅಂದ್ರ ಲಕ್ಷಕ್ಕ ಹದಿನೆಂಟು ಸಾವಿರ ಹೋಗ್ತದೇನು?

ಇಲ್ಲ, ಹೆದರಬೇಡಿ. ತೆರಿಗೆ ಹಾಕುವುದು ನಿಮ್ಮ ದುಡ್ಡಿನ ಮೇಲಲ್ಲ, ವಿನಿಮಯದ ಸೇವೆಗೆ ಕಾನೂನು ಕಟ್ಟಿದ ಬೆಲೆಯ ಮೇಲೆ. ಹೆಚ್ಚಿನ ಕೌಂಟರುಗಳು ಬಳಸುವ ಪಟ್ಟಿಯ ಪ್ರಕಾರ 1 ಲಕ್ಷದವರೆಗೆ ಆ ಬೆಲೆ ಮೊತ್ತದ 1 ಪರ್ಸೆಂಟ್, ಆದರೆ 250 ರೂಪಾಯಿಗಿಂತ ಕಡಿಮೆಯಿಲ್ಲ. 1 ಲಕ್ಷ ದಾಟಿದರೆ 1,000 ರೂಪಾಯಿ ಮತ್ತು ಮೇಲಿನ ಮೊತ್ತಕ್ಕೆ ಅರ್ಧ ಪರ್ಸೆಂಟ್. ಇದು 10 ಲಕ್ಷದವರೆಗೆ. ಆ ಬೆಲೆಗೆ 18 ಪರ್ಸೆಂಟ್ ತೆರಿಗೆ. ನಮ್ಮ 1,00,800ಕ್ಕೆ ಸೇವೆಯ ಬೆಲೆ 1,004, ತೆರಿಗೆ 181 ರೂಪಾಯಿ. 25,000ದೊಳಗಿನ ಯಾವ ಮೊತ್ತಕ್ಕೂ 45 ರೂಪಾಯಿ.

ಇದರಲ್ಲಿ ಒಂದು ಮರ್ಮವಿದೆ. ಸಣ್ಣ ಸಣ್ಣ ಮೊತ್ತವನ್ನು ಮೂರು ನಾಲ್ಕು ಸಲ ಮಾಡಿದರೆ ಪ್ರತಿ ಸಲವೂ 45 ರೂಪಾಯಿ ಹೋಗುತ್ತದೆ. ಆದರೂ 2,800ರ ಮುಂದೆ 181 ಸಣ್ಣದು. ಬಿಲ್ಲಿನಲ್ಲಿ ಎದ್ದು ಕಾಣುವ ತೆರಿಗೆಗೆ ಬೈಯುತ್ತ, ಎಲ್ಲೂ ಬರೆಯದ ಅಂತರವನ್ನು ಮರೆಯುವುದು ನಾವು ಮಾಡುವ ಸಾಮಾನ್ಯ ಕೆಲಸ.

ಇಲ್ಲೇ ತಗೊಳ್ಳೂದೋ, ಏರ್‌ಪೋರ್ಟಿನಾಗೋ?

ಇಲ್ಲೇ. ಗೋಕುಲ ರೋಡಿನ ನಮ್ಮ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನವಿಲ್ಲ. ಬೆಂಗಳೂರೋ ಗೋವಾವೋ ಮುಂಬೈಯೋ ಸುತ್ತಿ ಹೋಗಬೇಕು. ಅಲ್ಲಿ ಕೌಂಟರಿನ ಬಾಡಿಗೆ ದುಬಾರಿ, ಮತ್ತು ಅಲ್ಲಿ ನಿಂತ ಗಿರಾಕಿಗೆ ಬೇರೆ ಅಂಗಡಿಗೆ ಹೋಗುವ ದಾರಿ ಇರುವುದಿಲ್ಲ. ಮಾರಾಟ ದರ 26.50 ಇದ್ದರೆ 4,000 ದಿರ್ಹಮಿಗೆ ಊರಿಗಿಂತ 5,200 ರೂಪಾಯಿ ಹೆಚ್ಚು. ಗದಗದಿಂದ ಹುಬ್ಬಳ್ಳಿಗೆ ಬಂದು ಹೋಗುವ ಖರ್ಚು ಇದರಲ್ಲಿ ಎಷ್ಟು ಸಲ ಹುಟ್ಟುತ್ತದೋ ನೀವೇ ನೋಡಿ. ಆದರೆ ಬರುವ ಮುಂಚೆ ಫೋನ್ ಮಾಡಿ ನೋಟು ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ದಿರ್ಹಮ್ ಖಾಲಿಯಾಗಿ ‘ನಾಳೆ ಬರ್ರಿ’ ಎನ್ನಿಸಿಕೊಳ್ಳುವುದು ಇಲ್ಲಿ ಹೊಸದಲ್ಲ.

ಡಾಲರ್ ಒಯ್ದು ಅಲ್ಲೇ ದಿರ್ಹಮ್ ಮಾಡಿಸಿದ್ರ ಲಾಭ ಅಂತಾರ, ಖರೇನ?

ಒಮ್ಮೊಮ್ಮೆ ಖರೆ. ಎರಡು ಸಲ ಬದಲಿಸಿದರೂ ಎರಡೂ ಅಂತರ ಸಣ್ಣವಿದ್ದರೆ ಒಂದು ದೊಡ್ಡ ಅಂತರಕ್ಕಿಂತ ಅಗ್ಗವಾಗಬಹುದು. ಇಲ್ಲಿ ಡಾಲರ್ ಮಾರಾಟ ದರ 91.20 ಎಂದು ಹಿಡಿಯಿರಿ, 1,100 ಡಾಲರಿಗೆ 1,00,320 ರೂಪಾಯಿ. ದುಬೈ ಊರೊಳಗಿನ ಅಂಗಡಿಯಲ್ಲಿ ಡಾಲರಿಗೆ 3.65 ಸಿಕ್ಕರೆ 4,015 ದಿರ್ಹಮ್. ಅಷ್ಟೇ ದಿರ್ಹಮನ್ನು ಇಲ್ಲೇ 25.20ಕ್ಕೆ ಕೊಂಡಿದ್ದರೆ 1,01,178 ಆಗುತ್ತಿತ್ತು. ಉಳಿತಾಯ 858 ರೂಪಾಯಿ.

ಆದರೆ ಡಾಲರ್ ದರದಲ್ಲಿ 80 ಪೈಸೆ ಹೆಚ್ಚಾದರೆ, ಅಂದರೆ 92 ಆದರೆ, ಈ ಲಾಭ ಪೂರ್ತಿ ಮಾಯ. ಜೊತೆಗೆ, ಇಳಿದ ಕೂಡಲೇ ಟ್ಯಾಕ್ಸಿಗೆ, ನೀರಿಗೆ ದಿರ್ಹಮ್ ಬೇಕು. ಅದಕ್ಕೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಬದಲಿಸಿದರೆ ಉಳಿಸಿದ್ದು ಅಲ್ಲೇ ಹೋಯಿತು. 300–400 ದಿರ್ಹಮ್ ಇಲ್ಲಿಂದಲೇ ಒಯ್ದು ಉಳಿದದ್ದು ನೂರರ ಡಾಲರ್ ನೋಟಾಗಿ ಒಯ್ಯುವುದು ನಾನು ಹೇಳುವ ದಾರಿ. ಯುರೋ, ಸಿಂಗಾಪುರ ಡಾಲರ್ ಬೇಕಿದ್ದರೆ ಈ ಸುತ್ತು ಬೇಡ. ಅವುಗಳ ಅಂತರ ಇಲ್ಲಿ ಅಷ್ಟು ದೊಡ್ಡದಿರುವುದಿಲ್ಲ, ಡಾಲರಿನ ಜೊತೆ ಅವುಗಳ ದರವೂ ದಿನಾ ಏರಿಳಿಯುತ್ತದೆ.

ಉಳದ ನೋಟು ಮಾರಬೇಕೋ, ಇಟ್ಕೋಬೇಕೋ?

ಮತ್ತೆ ಹೋಗುವ ಸಂಭವ ಇದ್ದರೆ ಇಟ್ಟುಕೊಳ್ಳಿ. 2,000 ಡಾಲರಿನಷ್ಟು ಬೆಲೆಯ ವಿದೇಶಿ ನೋಟನ್ನು ನಾವು ಮನೆಯಲ್ಲಿಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಅದಕ್ಕಿಂತ ಹೆಚ್ಚಿನದನ್ನು ತಿರುಗಿ ಬಂದ 180 ದಿನದೊಳಗೆ ಅಧಿಕೃತ ಕೌಂಟರಿಗೆ ಒಪ್ಪಿಸಬೇಕು. ದಿರ್ಹಮ್ ಡಾಲರಿಗೆ ಕಟ್ಟಿದ ನೋಟಾದ್ದರಿಂದ ಇಟ್ಟುಕೊಂಡವರಿಗೆ ಡಾಲರ್ ಇಟ್ಟುಕೊಂಡಂತೆಯೇ.

ಮಾರುವುದಿದ್ದರೆ ಇನ್ನೊಂದು ಸಂಗತಿ. ಬೋರ್ಡಿನ ಖರೀದಿ ದರ ದೊಡ್ಡ, ಸ್ವಚ್ಛ ನೋಟಿಗೆ. ಐದು, ಹತ್ತರ ನೋಟು ಮುಂದಿಟ್ಟರೆ ಕೌಂಟರಿನವನು ಅವನ್ನು ಬೇರೆ ಮಾಡಿ ಇಟ್ಟು ಕಡಿಮೆ ದರ ಹೇಳುವುದುಂಟು. ಡಾಲರಿನಲ್ಲಂತೂ ಚಿತ್ರ ಸಣ್ಣದಿರುವ ಹಳೆಯ ನೋಟು, ಪೆನ್ನಿನಲ್ಲಿ ಏನೋ ಗೀಚಿದ ನೋಟು, ಮೂಲೆ ಹರಿದ ನೋಟು ಬಂದರೆ ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, ಒಂದು ಕಡೆ ಸರಿಸಿಬಿಡುತ್ತಾನೆ. ನಾಣ್ಯವನ್ನು ತೆಗೆದುಕೊಳ್ಳುವುದೇ ಇಲ್ಲ. ಆದ್ದರಿಂದ ಕೊನೆಯ ದಿನ ಚಿಲ್ಲರೆಯನ್ನೆಲ್ಲ ಅಲ್ಲೇ ಖರ್ಚು ಮಾಡಿ, ನೂರು, ಇನ್ನೂರರ ನೋಟು ಮಾತ್ರ ತನ್ನಿ. ಅಂಗಡಿಯಲ್ಲಿ ಕೊಡುವಾಗಲೇ ಗಟ್ಟಿ ನೋಟು ಆರಿಸಿ ತೆಗೆದುಕೊಳ್ಳಿ, ಹೋಗುವಾಗ ಬಂದ ಹರಿದ ನೋಟು ಬರುವಾಗ ನಿಮ್ಮ ತಲೆಗೇ ಬರುತ್ತದೆ.

ಕೌಂಟರಿನಾಗ ಚೌಕಾಸಿ ಮಾಡಬಹುದೇನು?

ಮಾಡಬಹುದು. ಬೋರ್ಡಿನದು ತೋರಿಕೆಯ ದರ. ಶಾಖೆಯವರಿಗೆ ಸ್ವಲ್ಪ ಬಿಡುವ ಅಧಿಕಾರ ಸಾಮಾನ್ಯವಾಗಿ ಇರುತ್ತದೆ. 200 ಡಾಲರಿಗೆ ಜಗ್ಗಾಡಿದರೆ ಇಬ್ಬರ ಹೊತ್ತೂ ಹಾಳು. 4,000 ದಿರ್ಹಮಿಗೆ 10 ಪೈಸೆ ಬಿಟ್ಟರೂ 400 ರೂಪಾಯಿ, ಅದನ್ನು ಕೇಳಬೇಕು. ನಡುದರ ನಿಮಗೆ ಗೊತ್ತಿದೆ ಎಂದು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ: ‘ಅಣ್ಣಾರ, ಡಾಲರ್ ತೊಂಬತ್ತಕ್ಕದ, ದಿರ್ಹಮ್ ಇಪ್ಪತ್ನಾಕೂವರಿ ಬೀಳ್ತದ, ಇಪ್ಪತ್ತೈದಕ್ಕ ಕೊಡ್ರಿ.’ ಇಪ್ಪತ್ತೈದಕ್ಕೆ ಕೊಡಲಿಕ್ಕಿಲ್ಲ, 25.20ರಲ್ಲೂ ನಿಲ್ಲಲಿಕ್ಕಿಲ್ಲ.

ಕಾರ್ಡ್ ಸಾಕಲ್ಲ?

ಹೋಟೆಲು, ಮಾಲು ಎಲ್ಲ ಕಡೆ ನಡೆಯುತ್ತದೆ, ನಗದು ಕಡಿಮೆ ಒಯ್ಯಬಹುದು. ಆದರೆ ಬ್ಯಾಂಕು ಪ್ರತಿ ಸಲ ವಿನಿಮಯ ಶುಲ್ಕ ಹಾಕುತ್ತದೆ. ಎಷ್ಟು ಎಂದು ನಿಮ್ಮ ಬ್ಯಾಂಕಿನಲ್ಲಿ ಕೇಳಿ, ಅದನ್ನು ಅಂಗಡಿಯ ಮಾರಾಟ ದರದ ಅಂತರದ ಜೊತೆ ಹೋಲಿಸಿ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 2.9 ಪರ್ಸೆಂಟ್. ಅಲ್ಲಿಯ ಯಂತ್ರ ‘ರೂಪಾಯಿಯಲ್ಲಿ ಕೊಡುವಿರಾ, ದಿರ್ಹಮಿನಲ್ಲಾ’ ಎಂದು ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅಲ್ಲಿಯವರು ತಮ್ಮದೇ ದರ ಕಟ್ಟುತ್ತಾರೆ.

ಏನೇನು ಒಯ್ಯಬೇಕು? ರೊಕ್ಕ ನಗದು ಕೊಡಬಹುದೇನು?

ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಟಿಕೆಟ್, ವೀಸಾ ಒಯ್ಯಿರಿ. 50,000 ರೂಪಾಯಿ ಮತ್ತು ಮೇಲ್ಪಟ್ಟ ಖರೀದಿಗೆ ನಗದು ನಡೆಯುವುದಿಲ್ಲ, ಖಾತೆಯಿಂದಲೇ ಕೊಡಬೇಕು. ದುಬೈಗೆ ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ ಒಬ್ಬರು 3,000 ಡಾಲರಿನಷ್ಟು ಒಯ್ಯಬಹುದು, ಮೇಲಿನದು ಕಾರ್ಡಿನಲ್ಲಿ. ಬಿಲ್ಲನ್ನು ಅಲ್ಲೇ ಓದಿ: ಬಾಯಲ್ಲಿ ಹೇಳಿದ ದರ, ಬಿಲ್ಲಿನ ದರ ಒಂದೇ ಇವೆಯೇ? ಜಿಎಸ್‌ಟಿ ಬಿಟ್ಟು ಬೇರೆ ಶುಲ್ಕದ ಸಾಲು ಇದೆಯೇ? ನೋಟನ್ನು ಕೌಂಟರ್ ಬಿಡುವ ಮುಂಚೆ ಎಣಿಸಿ.

ಓಣ್ಯಾಗಿನ ಹುಡುಗ ದುಬೈದಿಂದ ಬಂದಾನ, 24.50ಕ್ಕ ಕೊಡ್ತೀನಿ ಅಂತಾನ. ತಗೊಳ್ಳಲೇನು?

ಲೆಕ್ಕದಲ್ಲಿ ಇಬ್ಬರಿಗೂ ಲಾಭ: ಅವನಿಗೆ ಅಂಗಡಿಯ 23.80ಕ್ಕಿಂತ 70 ಪೈಸೆ ಹೆಚ್ಚು, ನಿಮಗೆ 25.20ಕ್ಕಿಂತ 70 ಪೈಸೆ ಕಡಿಮೆ. ಅದಕ್ಕೇ ಈ ಮಾತು ಪ್ರತಿ ಓಣಿಯಲ್ಲೂ ಹುಟ್ಟುತ್ತದೆ. ಆದರೆ 1999ರ ಫೆಮಾ ಕಾಯ್ದೆಯ ಪ್ರಕಾರ ವಿದೇಶಿ ಹಣವನ್ನು ಅಧಿಕೃತ ವ್ಯಕ್ತಿಯ ಮೂಲಕವೇ ಕೊಳ್ಳಬೇಕು, ಮಾರಬೇಕು. ತಪ್ಪಿದರೆ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶವಿದೆ. ಕೈಯಲ್ಲಿ ಬಿಲ್ಲೂ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ‘ಈ ನೋಟು ಎಲ್ಲಿಂದ ತಂದ್ರಿ’ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ನೋಟು ಖೋಟಾ ಎಂದು ದುಬೈಯ ಅಂಗಡಿಯಲ್ಲಿ ಗೊತ್ತಾದರೆ ಆ ಹುಡುಗನನ್ನು ಹುಡುಕಿ ಪ್ರಯೋಜನವೂ ಇಲ್ಲ, ಅವನಿಗೂ ಅದು ಎಲ್ಲಿಂದಲೋ ಬಂದದ್ದು. ಅವನು ತನ್ನ ದಿರ್ಹಮನ್ನು ಕೌಂಟರಿಗೆ ಕೊಡಲಿ, ನೀವು ಕೌಂಟರಿನಲ್ಲೇ ಕೊಳ್ಳಿ. ಇಬ್ಬರೂ ಒಂದೇ ದಿನ ಒಂದೇ ಅಂಗಡಿಗೆ ಹೋಗಿ ‘ಇವರದು ತಗೊಂಡು ನನಗ ಕೊಡ್ರಿ, ಎರಡೂ ಕಡೆ ರೇಟ್ ಸ್ವಲ್ಪ ನೋಡ್ರಿ’ ಎಂದು ಕೇಳಿ ನೋಡಿ; ನೋಟು ತಿಜೋರಿಯಲ್ಲಿ ಕೂರದೆ ಕೈಬದಲಾದರೆ ಅಂಗಡಿಯವನಿಗೂ ಅಂತರ ಕಡಿಮೆ ಮಾಡಲು ಮನಸ್ಸು ಬರುತ್ತದೆ.